ಹನ್ನೊಂದರ ಜಾಗದಲ್ಲಿ ಹನ್ನೆರಡು

ಪ್ರಥಮ ಪಿಯುಸಿ ಗಣಿತದಲ್ಲಿ ಶ್ರೇಢಿಗಳ ಅಧ್ಯಾಯ ತೆರೆದ ಕೂಡಲೇ, ಮೊದಲ ಅಭ್ಯಾಸದಲ್ಲೇ, ಒಂದು ಸಾಲಿನ ಲೆಕ್ಕವೊಂದು ಎದುರಾಗುತ್ತದೆ. ಮೊದಲ ಪದ a₁ = 3; ಆಮೇಲೆ ಬರುವ ಪ್ರತಿಯೊಂದು ಪದಕ್ಕೂ aₙ = 3aₙ₋₁ + 2; ಮೊದಲ ಐದು ಪದಗಳನ್ನು ಬರೆಯಬೇಕು. ಉಪನ್ಯಾಸಕರು ಇದನ್ನೇ ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿ ವರ್ಕ್‌ಶೀಟಿನಲ್ಲೂ ಕೊಡುತ್ತಾರೆ. ಇದಕ್ಕಿಂತ ಸುಲಭದ ಲೆಕ್ಕ ಆ ಪುಸ್ತಕದಲ್ಲಿ ಇರಲಾರದು ಎನ್ನಿಸುತ್ತದೆ. ಮೂರರಿಂದ ಹೊರಡು, ಕೈಯಲ್ಲಿರುವುದನ್ನು ಮೂರರಿಂದ ಗುಣಿಸಿ ಎರಡು ಕೂಡಿಸು, ಬಂದದ್ದನ್ನು ಬರೆದುಕೊಂಡು ಮತ್ತೆ ಅದನ್ನೇ ಮೂರರಿಂದ ಗುಣಿಸು. 3, 11, 35, 107, 323. ಅಲ್ಲಿಗೆ ಮುಗಿಯಿತು. ಗುಣಾಕಾರ ಬಲ್ಲ ಐದನೇ ತರಗತಿಯ ಮಗುವೂ ಮಾಡಬಹುದಾದ ಕೆಲಸ. ಹಾಗಿದ್ದೂ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದು ಬಂದ ಮಕ್ಕಳು ಇಲ್ಲಿ ತಡವರಿಸುವುದೇಕೆ?

ತಡವರಿಕೆಯ ಬೇರು ಆ ಒಳ್ಳೆಯ ಅಂಕಗಳಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಹತ್ತನೇ ತರಗತಿಯ ಸಮಾಂತರ ಶ್ರೇಢಿಯ ಪಾಠದಲ್ಲಿ ಮಗು a + (n − 1)d ಎಂಬ ಸೂತ್ರವನ್ನು ಬಾಯಿಪಾಠ ಮಾಡಿಕೊಂಡಿರುತ್ತದೆ. ಅದು ನಿಜಕ್ಕೂ ಸೊಗಸಾದ ಸೂತ್ರ. ನೂರನೇ ಪದ ಬೇಕೆಂದರೆ ನಡುವಿನ ತೊಂಬತ್ತೆಂಟು ಪದಗಳ ಮುಖವನ್ನೂ ನೋಡದೆ ನೇರವಾಗಿ ಅಲ್ಲಿಗೆ ಹೋಗಿ ನಿಲ್ಲಬಹುದು. n ಎಂದರೆ ಎಷ್ಟನೆಯದು ಎಂಬುದಷ್ಟೇ ತಿಳಿದಿದ್ದರೆ ಸಾಕು, ಹಿಂದೆ ಏನಿತ್ತೆಂದು ಕೇಳುವ ಅಗತ್ಯವೇ ಇಲ್ಲ. ಆ ಸೌಲಭ್ಯಕ್ಕೆ ಒಗ್ಗಿಹೋದ ಕಣ್ಣಿಗೆ 3aₙ₋₁ + 2 ಎಂಬುದು ಕಂಡಾಗ, a ಎಂಬ ಅಕ್ಷರದ ಪಾದದಲ್ಲಿ ಸಣ್ಣದಾಗಿ ಕುಳಿತ n − 1 ಒಂದು ಅಲಂಕಾರದಂತೆ ತೋರುತ್ತದೆ. ಎಷ್ಟೋ ಮಕ್ಕಳು ಆ ಜಾಗಕ್ಕೆ ನೇರವಾಗಿ n ಅನ್ನೇ ಹಾಕಿಬಿಡುತ್ತಾರೆ. ಎರಡನೇ ಪದಕ್ಕೆ 3 × 2 + 2 ಎಂದು 8, ಮೂರನೆಯದಕ್ಕೆ 3 × 3 + 2 ಎಂದು 11, ಆಮೇಲೆ 14, 17. ಹಾಳೆಯ ಮೇಲೆ 3, 8, 11, 14, 17 ಎಂದು ಮೂಡುತ್ತದೆ. ಎರಡನೆಯದರಿಂದ ಮುಂದಕ್ಕೆ ನೋಡಿ, ಮೂರು ಮೂರರ ಅಂತರದ ಸಮಾಂತರ ಶ್ರೇಢಿ! ಹಳೆಯ ಪಾಠ ಹೊಸ ಲೆಕ್ಕದೊಳಗೆ ಸದ್ದಿಲ್ಲದೆ ಬಂದು ಕೂತಿದೆ. ಮಗು ಓದಿದ್ದು ಎದುರಿಗಿದ್ದ ಸಾಲನ್ನಲ್ಲ, ತನಗೆ ಅಭ್ಯಾಸವಿದ್ದ ಸಾಲನ್ನು. ದೊಡ್ಡವರಾದ ನಾವು ಪತ್ರಗಳನ್ನೂ ಮನುಷ್ಯರನ್ನೂ ಓದುವ ಬಗೆ ಇದಕ್ಕಿಂತ ಬಹಳ ಬೇರೆಯಾಗಿದೆಯೇ?

ಆದರೆ ಇದು ಸಣ್ಣ ತಪ್ಪು. ಒಮ್ಮೆ ತೋರಿಸಿಕೊಟ್ಟರೆ ಮಗು ತಲೆ ಕೆರೆದುಕೊಂಡು ತಿದ್ದಿಕೊಳ್ಳುತ್ತದೆ. ಹೆಚ್ಚು ಹೊತ್ತು ಯೋಚಿಸುವಂತೆ ಮಾಡುವುದು ಇನ್ನೊಂದು ಬಗೆಯ ತಪ್ಪು. ಅದನ್ನು ಮಾಡುವವರು ಚುರುಕಿನ ಮಕ್ಕಳು. ಸಾಲನ್ನು ಸರಿಯಾಗಿಯೇ ಓದಿ, ಸರಿಯಾಗಿಯೇ ಹೊರಟು, ನಡುದಾರಿಯಲ್ಲಿ ಓದುವುದನ್ನು ಬಿಟ್ಟವರು.

ಅದಕ್ಕೆ ತಕ್ಕ ಲೆಕ್ಕ ಇನ್ನೊಂದಿದೆ: a₁ = 1, ಆಮೇಲೆ aₙ = aₙ₋₁ + (n − 1). ಮೊದಲನೆಯದು 1. ಎರಡನೆಯದು 1 + 1, ಅಂದರೆ 2. ಮೂರನೆಯದು 2 + 2, ಅಂದರೆ 4. ಇಷ್ಟು ಬರೆದ ಚುರುಕು ಮಗುವಿನ ಮುಖದಲ್ಲಿ ಒಂದು ಬೆಳಕು ಮೂಡುವುದನ್ನು ನೀವು ಕಾಣಬಹುದು. ಒಂದು, ಎರಡು, ನಾಲ್ಕು! ಗೊತ್ತಾಯಿತು, ಇದು ದುಪ್ಪಟ್ಟಾಗುತ್ತ ಹೋಗುವ ಶ್ರೇಢಿ. ಆಮೇಲೆ ಪೆನ್ನು ಲೆಕ್ಕ ಮಾಡುವುದಿಲ್ಲ, ಬರೆಯುತ್ತ ಹೋಗುತ್ತದೆ ಅಷ್ಟೇ: 8, 16. ನಿಯಮದ ಪ್ರಕಾರ ನಡೆದಿದ್ದರೆ ನಾಲ್ಕನೆಯದು 4 + 3 ಆಗಿ 7 ಬರಬೇಕಿತ್ತು. ಐದನೆಯದು 7 + 4 ಆಗಿ 11. ಆರನೆಯದು 11 + 5 ಆಗಿ 16. ಇಲ್ಲೊಂದು ಕೀಟಲೆ ಇದೆ. ಹದಿನಾರು ಎರಡರಲ್ಲೂ ಇದೆ. ಊಹೆಯ ಸಾಲಿನಲ್ಲಿ ಐದನೆಯ ಜಾಗದಲ್ಲಿ, ನಿಜದ ಸಾಲಿನಲ್ಲಿ ಆರನೆಯ ಜಾಗದಲ್ಲಿ. ಪಕ್ಕದವನ ಹಾಳೆಯತ್ತ ಕಣ್ಣು ಹಾಯಿಸಿ 'ನಿನಗೂ ಹದಿನಾರು ಬಂತಾ?' ಎಂದು ಕೇಳಿದವನಿಗೆ 'ಹೌದು ಕಣೋ' ಎಂಬ ಉತ್ತರ ಸಿಗುತ್ತದೆ, ಇಬ್ಬರೂ ನೆಮ್ಮದಿಯಿಂದ ಹಾಳೆ ಮಡಿಸುತ್ತಾರೆ.

ಈ ಶ್ರೇಢಿ ಯಾರೋ ಮಕ್ಕಳನ್ನು ಬೀಳಿಸಲೆಂದು ಕಟ್ಟಿದ್ದೇನಲ್ಲ. ತಟ್ಟೆಯಲ್ಲಿ ಒಂದು ಹೋಳಿಗೆ ಇದೆಯೆಂದುಕೊಳ್ಳಿ. ಅದನ್ನು ಚಾಕುವಿನಿಂದ ನೇರ ಗೆರೆಗಳಲ್ಲಿ ಕೊಯ್ಯಬೇಕು. ಸಮ ಹೋಳುಗಳಾಗಬೇಕೆಂಬ ಹಟವಿಲ್ಲ, ಹೋಳುಗಳ ಸಂಖ್ಯೆ ಆದಷ್ಟೂ ಹೆಚ್ಚಿರಬೇಕು. ಕೊಯ್ಯದಿದ್ದರೆ ಒಂದೇ ಹೋಳು. ಒಂದು ಗೆರೆಗೆ ಎರಡು. ಎರಡನೇ ಗೆರೆ ಮೊದಲನೆಯದನ್ನು ಅಡ್ಡ ಹಾಯ್ದರೆ ನಾಲ್ಕು. ಮೂರನೇ ಗೆರೆಗೆ ಎಂಟೇ ಆಗಬೇಕಲ್ಲವೇ ಎಂದು ಮನಸ್ಸು ಹೇಳುತ್ತದೆ, ಆದರೆ ಹೇಗೆ ಕೊಯ್ದರೂ ಏಳರ ಮೇಲೆ ಹೋಗುವುದಿಲ್ಲ. ಕಾರಣ ಸರಳ. ಮೂರನೇ ಗೆರೆ ಹಿಂದಿನ ಎರಡು ಗೆರೆಗಳನ್ನು ಹೆಚ್ಚೆಂದರೆ ಎರಡು ಕಡೆ ದಾಟಬಲ್ಲದು. ಆ ಎರಡು ದಾಟುಗಳು ಅದನ್ನು ಮೂರು ತುಂಡಾಗಿಸುತ್ತವೆ. ಒಂದೊಂದು ತುಂಡೂ ತಾನು ಹಾದುಹೋದ ಒಂದು ಹೋಳನ್ನು ಎರಡಾಗಿಸುತ್ತದೆ. ಹಾಗಾಗಿ ಹೆಚ್ಚುವುದು ಮೂರೇ. ದುಪ್ಪಟ್ಟಾಗಬೇಕಿದ್ದರೆ ಹೊಸ ಗೆರೆ ಹಳೆಯ ನಾಲ್ಕೂ ಹೋಳುಗಳ ಮೇಲೆ ಹಾಯಬೇಕಿತ್ತು. ಸೊಟ್ಟಗಾಗದೆ ಒಂದು ನೇರ ಗೆರೆ ಆ ನಾಲ್ಕರಲ್ಲಿ ಮೂರನ್ನಷ್ಟೇ ಮುಟ್ಟಬಲ್ಲದು. ನೇರ ಗೆರೆಗಳು ಸಮತಲವನ್ನು ಎಷ್ಟು ಭಾಗಗಳಾಗಿ ಒಡೆಯಬಲ್ಲವು ಎಂಬ ಈ ಪ್ರಶ್ನೆಯನ್ನು ಯಾಕೋಬ್ ಸ್ಟೈನರ್ 1826ರಲ್ಲಿ ಬಿಡಿಸಿದ್ದ. ವರ್ಕ್‌ಶೀಟಿನ ಆ (n − 1) ಎಂಬುದು ಹೊಸ ಗೆರೆ ಎಷ್ಟು ತುಂಡಾಯಿತು ಎಂಬುದರ ಲೆಕ್ಕ. ದುಪ್ಪಟ್ಟಿನ ಊಹೆಯಲ್ಲಿ ಈ ಗೆರೆಯ ನೆನಪೇ ಇಲ್ಲ. ಅದಕ್ಕೆ ಗೊತ್ತಿರುವುದು ಒಂದು, ಎರಡು, ನಾಲ್ಕು ಎಂಬ ಮೂರು ಅಂಕಿಗಳ ರೂಪ ಮಾತ್ರ.

ಊಹೆ ಹುಟ್ಟಿದ ಆ ಕ್ಷಣದಲ್ಲಿ ಮನಸ್ಸಿನೊಳಗೆ ಏನಾಗುತ್ತದೆ? ಮೂರು ಪದ ಕಂಡು ಒಂದು ಹೆಸರು ಹೊಳೆಯಿತು. ಹೆಸರು ಸಿಕ್ಕಿದ್ದೇ ತಡ, ವಸ್ತುವನ್ನು ನೋಡುವುದು ನಿಂತಿತು. ಅಲ್ಲಿಂದ ಮುಂದೆ ಮಗು ಹೆಸರಿನಿಂದ ಪದಗಳನ್ನು ಹುಟ್ಟಿಸುತ್ತಿದೆ, ಪದದಿಂದ ಪದವನ್ನಲ್ಲ. ವಿಚಿತ್ರವೆಂದರೆ ಹಾಗೆ ಬರೆದುದನ್ನು ಆ ಮಗು ಪರೀಕ್ಷಿಸಿಯೂ ನೋಡುತ್ತದೆ. ಎಂಟರ ದುಪ್ಪಟ್ಟು ಹದಿನಾರು ಹೌದೇ? ಹೌದು. ನಾಲ್ಕರ ದುಪ್ಪಟ್ಟು ಎಂಟು ಹೌದೇ? ಹೌದು. ಎಲ್ಲವೂ ಸರಿ! ತಾನೇ ಕಟ್ಟಿಕೊಂಡ ನಿಯಮವನ್ನು ಅದೇ ನಿಯಮದಿಂದ ಅಳೆದರೆ ಸರಿಯಾಗದೆ ಇನ್ನೇನಾದೀತು? ಹಾಳೆಯ ಮೇಲಿನ ಸಾಲು ಒಂದು ಬೆರಳಷ್ಟು ಮೇಲೆ ಅಚ್ಚಾಗಿ ಕೂತಿದೆ. ಅದರತ್ತ ಕಣ್ಣು ಮರಳುವುದಿಲ್ಲ. ಒಬ್ಬ ಮನುಷ್ಯನ ಬಗ್ಗೆ ಎರಡು ಮೂರು ಸಂಗತಿ ಕೇಳಿ 'ಓ, ಅವನು ಇಂಥವನು' ಎಂದು ತೀರ್ಮಾನಿಸಿದ ಮೇಲೆ, ಅವನು ನಾಲ್ಕನೆಯ ಸಲ ಏನು ಮಾಡಿದನೆಂದು ನಾವು ವಿಚಾರಿಸುತ್ತೇವೆಯೇ, ಅಥವಾ ಏನು ಮಾಡಿರುತ್ತಾನೆಂದು ನಾವೇ ಹೇಳಿಬಿಡುತ್ತೇವೆಯೇ?

ಎಷ್ಟು ಪದಗಳನ್ನು ನೋಡಿದ ಮೇಲೆ ಊಹೆಯನ್ನು ನಂಬಬಹುದು ಎಂಬ ಪ್ರಶ್ನೆ ಇಲ್ಲಿ ಸಹಜವಾಗಿಯೇ ಬರುತ್ತದೆ. ಮೂರು ಸಾಲದು, ನಾಲ್ಕಾದರೆ? ಇದಕ್ಕೆ ನಮ್ಮ ಛಂದಸ್ಸೇ ಒಂದು ಉದಾಹರಣೆ ಕೊಡುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಯನ್ನು ತುಂಬಲು ಇರುವುದು ಒಂದೇ ದಾರಿ. ಎರಡು ಮಾತ್ರೆಗೆ ಎರಡು ದಾರಿ: ಎರಡು ಲಘು, ಇಲ್ಲವೇ ಒಂದು ಗುರು. ಭಾಮಿನಿ ಷಟ್ಪದಿಯಲ್ಲಿ ಬರುವ ಮೂರು ಮಾತ್ರೆಯ ಗಣಕ್ಕೆ ಮೂರು ರೂಪ. ಕಂದಪದ್ಯದ ನಾಲ್ಕು ಮಾತ್ರೆಯ ಗಣಕ್ಕೆ ಐದು ರೂಪ. ಒಂದು, ಎರಡು, ಮೂರು, ಐದು. ಗಣಿತ ಸ್ವಲ್ಪ ಬಲ್ಲವರಿಗೆ ಇಲ್ಲಿ ಅವಿಭಾಜ್ಯ ಸಂಖ್ಯೆಗಳ ನೆನಪಾಗಿ, ವಾರ್ಧಕದ ಐದು ಮಾತ್ರೆಯ ಗಣಕ್ಕೆ ಏಳು ರೂಪಗಳಿರಬಹುದೆಂದು ತೋರಿದರೆ ಆಶ್ಚರ್ಯವಿಲ್ಲ. ಬರೆದು ನೋಡಿದರೆ ಎಂಟು ಸಿಗುತ್ತವೆ.

ಎಂಟೇ ಏಕೆಂಬುದನ್ನು ಪದಗಳ ಪಟ್ಟಿ ಹೇಳುವುದಿಲ್ಲ, ಹಿಂದಿನ ಪದಗಳು ಹೇಳುತ್ತವೆ. ಐದು ಮಾತ್ರೆಯ ಗಣದ ಕೊನೆಯ ಅಕ್ಷರವೊಂದನ್ನೇ ನೋಡಿ. ಅದು ಲಘುವಾದರೆ ಅದರ ಮುಂಚೆ ನಾಲ್ಕು ಮಾತ್ರೆ ತುಂಬಿರಬೇಕು, ಅದಕ್ಕೆ ಐದು ದಾರಿ. ಅದು ಗುರುವಾದರೆ ಮುಂಚೆ ಮೂರು ಮಾತ್ರೆ, ಅದಕ್ಕೆ ಮೂರು ದಾರಿ. ಐದೂ ಮೂರೂ ಎಂಟು. ಮೂರನೆಯ ಸಾಧ್ಯತೆಯೇ ಇಲ್ಲ, ಆದ್ದರಿಂದ ಲೆಕ್ಕದಲ್ಲಿ ಬಿಟ್ಟುಹೋದದ್ದೂ ಏನಿಲ್ಲ. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಎಂಬ ಈ ಮಾತನ್ನು ಛಂದಶ್ಶಾಸ್ತ್ರಜ್ಞ ವಿರಹಾಂಕ ಹೇಳಿದ್ದ, ಹನ್ನೆರಡನೇ ಶತಮಾನದ ಹೇಮಚಂದ್ರನೂ ಹೇಳಿದ. ಮೊಲಗಳ ಲೆಕ್ಕದಲ್ಲಿ ಅದೇ ಸಂಖ್ಯೆಗಳನ್ನು ತಂದ ಫಿಬೊನಾಚ್ಚಿಯ ಪುಸ್ತಕ ಬಂದದ್ದು 1202ರಲ್ಲಿ. ಯಾರು ಮೊದಲು ಎಂಬ ಜಗಳ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಗಮನಿಸಬೇಕಾದದ್ದು ಆ ಛಂದಸ್ಸಿನವರ ದಾರಿ. 1, 2, 3, 5, 8 ಎಂಬ ಅಂಕಿಗಳನ್ನು ದೂರದಿಂದ ನೋಡಿ ಇವುಗಳಿಗೆ ಯಾವ ರೂಪ ಹೊಂದುತ್ತದೆಂದು ಹುಡುಕಬೇಕಾದ ಅಗತ್ಯ ಅವರಿಗಿರಲಿಲ್ಲ. ಕೊನೆಯ ಅಕ್ಷರವನ್ನು ಕಳಚಿಟ್ಟು, ಉಳಿದದ್ದು ಎಲ್ಲಿಂದ ಬಂತೆಂದು ಕೇಳಿದರೆ ನಿಯಮ ತಾನಾಗಿ ಕೈಗೆ ಬರುತ್ತಿತ್ತು.

ಇನ್ನು ಮೊದಲ ಲೆಕ್ಕಕ್ಕೆ, ಮೂರರಿಂದ ಗುಣಿಸಿ ಎರಡು ಕೂಡುವ ಆ ಸಾಲಿಗೆ ಮರಳೋಣ. ಪದದಿಂದ ಪದಕ್ಕೆ ನಡೆಯುವುದು ಒಳ್ಳೆಯ ಅಭ್ಯಾಸ ಎಂದು ಹೇಳುವುದು ಸುಲಭ. ಹಾಗೆ ನಡೆಯುವವನಿಗೂ ಅದರದೇ ಆದ ಒಂದು ಅಪಾಯವಿದೆ ಎಂಬುದನ್ನು ಮುಚ್ಚಿಡಬಾರದು. ಒಬ್ಬ ಹುಡುಗ ಎರಡನೇ ಪದ ಮಾಡುವಾಗ ಮೂರು ಮೂರಲ ಒಂಬತ್ತು ಎಂದುಕೊಂಡು, ಎರಡು ಕೂಡುವ ಕಡೆ ಕೈತಪ್ಪಿ ಮೂರು ಕೂಡಿ, 11ರ ಜಾಗದಲ್ಲಿ 12 ಬರೆದನೆನ್ನಿ. ಅಲ್ಲಿಂದ ಮುಂದೆ ಅವನು ಒಂದು ತಪ್ಪನ್ನೂ ಮಾಡುವುದಿಲ್ಲ. ಹನ್ನೆರಡರ ಮೂರರಷ್ಟು ಮೂವತ್ತಾರು, ಎರಡು ಸೇರಿ 38. ಆಮೇಲೆ 116. ಆಮೇಲೆ 350. ಬರಬೇಕಾಗಿದ್ದದ್ದು 35, 107, 323. ಎರಡನೇ ಪದದಲ್ಲಿ ಒಂದರಷ್ಟಿದ್ದ ವ್ಯತ್ಯಾಸ ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲಿ ಒಂಬತ್ತು, ಐದನೆಯದರಲ್ಲಿ ಇಪ್ಪತ್ತೇಳು ಆಗಿದೆ. ಹಿಂದಿನದನ್ನು ನಂಬಿ ಮುಂದಿನದನ್ನು ಕಟ್ಟುವ ಕಡೆ ತಪ್ಪೂ ಅದೇ ನಂಬಿಕೆಯ ಮೇಲೆ ಬೆಳೆಯುತ್ತದೆ; ಗುಣಿಸುವ ಮೂರು ಸರಿಯನ್ನೂ ತಪ್ಪನ್ನೂ ಒಂದೇ ಸಮನೆ ಗುಣಿಸುತ್ತದೆ.

ಆದರೆ ಈ ಬೆಳವಣಿಗೆಯಲ್ಲೇ ತಪ್ಪಿನ ಜಾತಕವೂ ಇದೆ. ಉತ್ತರ ಪಟ್ಟಿ ಕೈಯಲ್ಲಿರುವ ಉಪನ್ಯಾಸಕರು ಐದನೇ ಪದದಲ್ಲಿ ಇಪ್ಪತ್ತೇಳರ ಅಂತರ ಕಂಡರೆ, ಅದನ್ನು ಮೂರರಿಂದ ಒಂದು ಸಲ, ಎರಡು ಸಲ, ಮೂರು ಸಲ ಭಾಗಿಸಿ ಒಂದಕ್ಕೆ ಬಂದು ನಿಲ್ಲಬಹುದು. ಮೂರು ಮೆಟ್ಟಿಲು ಹಿಂದೆ, ಎರಡನೇ ಪದದಲ್ಲಿ, ಒಂದರಷ್ಟು ಜಾರಿರಬಹುದು ಎಂದು ಉಳಿದ ಹಾಳೆಯನ್ನು ನೋಡದೆಯೂ ಊಹಿಸಬಹುದು. ಅಂತರ ಇಪ್ಪತ್ತೇಳರ ಬದಲು ಹತ್ತಾಗಿದ್ದರೆ? ಹತ್ತು ಮೂರರಿಂದ ಭಾಗವಾಗುವುದಿಲ್ಲ. ಅಂದರೆ ಕೊನೆಯ ಹೆಜ್ಜೆಯಲ್ಲೇ ಏನೋ ಎಡವಟ್ಟಾಗಿದೆ. ಊಹೆಯಿಂದ ಬರೆದ ಹಾಳೆಯಲ್ಲಿ ಹೀಗೆ ಹುಡುಕಲು ಬರುವುದಿಲ್ಲ. ಅಲ್ಲಿ ಪದಕ್ಕೂ ಪದಕ್ಕೂ ನೆಂಟಸ್ತಿಕೆಯೇ ಇಲ್ಲವಲ್ಲ, ಯಾವುದರಿಂದ ಯಾವುದು ಕೆಟ್ಟಿತೆಂದು ಕೇಳುವುದು ಹೇಗೆ?

ಉತ್ತರ ಪಟ್ಟಿಯಿಲ್ಲದ ವಿದ್ಯಾರ್ಥಿ ಏನು ಮಾಡಬೇಕು? ಸಾಮಾನ್ಯವಾಗಿ ಮಕ್ಕಳು ಮಾಡಿದ್ದನ್ನೇ ಇನ್ನೊಮ್ಮೆ ಮಾಡಿ ನೋಡುತ್ತಾರೆ. ಅದರಿಂದ ಅಷ್ಟು ಪ್ರಯೋಜನವಿಲ್ಲ. ಒಮ್ಮೆ ಜಾರಿದ ಕಲ್ಲಿನ ಮೇಲೆ ಅದೇ ಕಾಲು ಅದೇ ರೀತಿ ಬೀಳುತ್ತದೆ. ಉತ್ತಮವಾದದ್ದು ಕೊನೆಯಿಂದ ಹಿಂದಕ್ಕೆ ನಡೆಯುವುದು. ಕೊನೆಯ ಪದದಿಂದ ಎರಡು ಕಳೆದು ಮೂರರಿಂದ ಭಾಗಿಸಿದರೆ ಅದರ ಹಿಂದಿನದು ಬರಬೇಕು. 350ರಲ್ಲಿ ಎರಡು ಹೋದರೆ 348, ಮೂರರಿಂದ ಭಾಗಿಸಿದರೆ 116, ಸರಿ. 114 ಭಾಗಿಸು ಮೂರು 38, ಸರಿ. 36 ಭಾಗಿಸು ಮೂರು 12, ಸರಿ. ಇನ್ನು 12ರಲ್ಲಿ ಎರಡು ಹೋದರೆ 10. ಹತ್ತನ್ನು ಮೂರರಿಂದ ಭಾಗಿಸಿದರೆ ಹೊರಟ ಊರಾದ 3 ಸಿಗುವುದಿಲ್ಲ. ದಾರಿ ಎಲ್ಲಿ ಕಡಿದಿದೆಯೋ ಸರಿಯಾಗಿ ಅಲ್ಲಿಗೇ ಬಂದು ಕಾಲು ನಿಂತಿತು. ಹೋಗುವಾಗ ಗುಣಾಕಾರ, ಸಂಕಲನ. ಬರುವಾಗ ವ್ಯವಕಲನ, ಭಾಗಾಕಾರ. ಕೆಲಸವೇ ಬೇರೆಯಾದ್ದರಿಂದ ಹಳೆಯ ತಪ್ಪು ಹಳೆಯ ವೇಷದಲ್ಲಿ ನುಸುಳಿಕೊಳ್ಳುವುದಿಲ್ಲ.

ಇನ್ನೂ ಒಂದು ಚಿಕ್ಕ ಪರೀಕ್ಷೆ ಇದೆ, ಅದು ಕಲಿಸುವ ಪಾಠ ಅದರ ಗಾತ್ರಕ್ಕಿಂತ ದೊಡ್ಡದು. ಯಾವ ಸಂಖ್ಯೆಯನ್ನೇ ಆಗಲಿ ಮೂರರಿಂದ ಗುಣಿಸಿ ಎರಡು ಕೂಡಿದರೆ, ಬಂದದ್ದನ್ನು ಮೂರರಿಂದ ಭಾಗಿಸಿದಾಗ ಶೇಷ ಎರಡೇ ಇರಬೇಕು. ಅಂಕಿಗಳನ್ನು ಕೂಡಿ ನೋಡಿದರೆ ಅದು ತಕ್ಷಣ ತಿಳಿಯುತ್ತದೆ. 12 ಈ ಪರೀಕ್ಷೆಯಲ್ಲಿ ಸೋಲುತ್ತದೆ, ಅದರ ಶೇಷ ಸೊನ್ನೆ. ಆದರೆ ಆ ತಪ್ಪಿನಿಂದಲೇ ಹುಟ್ಟಿದ 38, 116, 350 ಮೂರೂ ಗೆಲ್ಲುತ್ತವೆ. ಕೇವಲ ಐದನೇ ಪದವನ್ನು ತೋರಿಸಿ ಇದು ಸರಿಯೇ ಎಂದು ಕೇಳಿದರೆ ಈ ಪರೀಕ್ಷೆ ಹೌದೆಂದೇ ಹೇಳುತ್ತದೆ. ತಪ್ಪಿನ ಸಂತಾನಕ್ಕೆ ಸನ್ನಡತೆ ಇದೆ. ಸಿಕ್ಕಿಬೀಳುವುದು ಮೊದಲ ತಪ್ಪು ಒಂದೇ, ಅದೂ ಅದನ್ನು ಅದರ ಜಾಗದಲ್ಲೇ ನಿಂತು ನೋಡಿದರೆ. ಕೊನೆಯ ಫಲವನ್ನಷ್ಟೇ ಪರಿಶೀಲಿಸಿ ತೃಪ್ತರಾಗುವ ನಮ್ಮ ಲೆಕ್ಕಪತ್ರಗಳಿಗೂ ತನಿಖೆಗಳಿಗೂ ಈ ಮಾತು ತಾಗುತ್ತದೆಯೋ ಇಲ್ಲವೋ, ಓದುಗರೇ ಯೋಚಿಸಲಿ.

ತಪ್ಪು ಯಾವಾಗಲೂ ಹೀಗೆ ಬೆಳೆಯಲೇಬೇಕೆಂದೇನೂ ಇಲ್ಲ. ಅದೇ ಅಭ್ಯಾಸದಲ್ಲಿ ಬರುವ ಇನ್ನೊಂದು ಲೆಕ್ಕ, aₙ = aₙ₋₁/n ಎಂಬುದರಲ್ಲಿ ಭಾಗಾಕಾರ ನಡೆಯುತ್ತ ಹೋಗುವುದರಿಂದ ತಪ್ಪಿನ ಗಾತ್ರವೂ ಕುಗ್ಗುತ್ತ ಹೋಗುತ್ತದೆ. (ಅಲ್ಲಿ ಮಕ್ಕಳು ಎಡವುವುದು n ಎಂದರೆ ಯಾವುದೆಂಬಲ್ಲಿ. ಅದು ಈಗ ಮಾಡುತ್ತಿರುವ ಪದದ ಸಂಖ್ಯೆ, ಹಿಂದಿನದರದ್ದಲ್ಲ.) ಇನ್ನು ಕೆಲವು ಸಂಬಂಧಗಳಂತೂ ತಪ್ಪನ್ನು ತಾವೇ ತಿದ್ದಿಕೊಳ್ಳುತ್ತವೆ. ಎರಡರ ವರ್ಗಮೂಲ ಬೇಕೆಂದರೆ ಒಂದರಿಂದ ಹೊರಟು, ಪ್ರತಿ ಸಲವೂ ಕೈಯಲ್ಲಿರುವ ಸಂಖ್ಯೆಗೂ, ಎರಡನ್ನು ಅದರಿಂದ ಭಾಗಿಸಿದ ಸಂಖ್ಯೆಗೂ ಸರಾಸರಿ ತೆಗೆಯುತ್ತ ಹೋಗಬಹುದು: 1, 3/2, 17/12, 577/408. ಶುಲ್ಬಸೂತ್ರಗಳು ಎರಡರ ವರ್ಗಮೂಲಕ್ಕೆ ಬೇರೊಂದು ರೂಪದಲ್ಲಿ ಕೊಟ್ಟಿರುವ ಬೆಲೆಯೂ ಕೂಡಿ ನೋಡಿದರೆ ಈ ಕೊನೆಯ ಭಿನ್ನರಾಶಿಯೇ ಆಗುತ್ತದೆ. ಈ ದಾರಿಯಲ್ಲಿ 17/12ರ, ಅಂದರೆ ಸುಮಾರು 1.417ರ, ಜಾಗದಲ್ಲಿ ಕೈತಪ್ಪಿ 1.46 ಎಂದು ಬರೆದರೂ ಮುಂದಿನದು 1.4149ರ ಹತ್ತಿರ ಬರುತ್ತದೆ, ಅದರ ಮುಂದಿನದು 1.4142ಕ್ಕೆ ಬಂದು ಸೇರುತ್ತದೆ. ಬದುಕಿನಲ್ಲಿ ನಮಗೆ ಇಂಥ ಕ್ಷಮಾಶೀಲ ದಾರಿಗಳು ಸಿಕ್ಕರೆ ಅದು ಭಾಗ್ಯ. ಹಾಗೆಂದು ಮೂರರಿಂದ ಗುಣಿಸುವ ದಾರಿಯಲ್ಲಿ ನಿಂತು ಸರಾಸರಿ ತೆಗೆಯುವ ದಾರಿಯ ಕ್ಷಮೆಯನ್ನು ನಿರೀಕ್ಷಿಸಬಾರದು. ಯಾವ ಸಂಬಂಧದಲ್ಲಿ ತಪ್ಪು ಬೆಳೆಯುತ್ತದೆ, ಯಾವುದರಲ್ಲಿ ಕರಗುತ್ತದೆ ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೆ ಊಹೆ ಕೆಟ್ಟದ್ದು ಎಂಬ ಭಾವನೆ ಓದುಗರಲ್ಲಿ ಮೂಡಿದ್ದರೆ ಅದು ನನ್ನ ಉದ್ದೇಶವಲ್ಲ. ಐದು ಪದಕ್ಕೆ ಸರಿ, ನೂರನೇ ಪದ ಬೇಕೆಂದರೆ ತೊಂಬತ್ತೊಂಬತ್ತು ಸಲ ಗುಣಿಸುತ್ತ ಕೂರಲು ಯಾರಿಗೆ ಪುರಸತ್ತಿದೆ? ಚುರುಕಿನ ಹುಡುಗಿಯೊಬ್ಬಳು 3, 11, 35, 107, 323ನ್ನು ನೋಡುತ್ತ, ಒಂದೊಂದಕ್ಕೂ ಒಂದು ಕೂಡಿದರೆ ಏನಾಗುತ್ತದೆಂದು ಸುಮ್ಮನೆ ಬರೆದು ನೋಡುತ್ತಾಳೆ: 4, 12, 36, 108, 324. ಪ್ರತಿಯೊಂದೂ ಹಿಂದಿನದರ ಮೂರರಷ್ಟು! ಹಾಗಾದರೆ n-ನೇ ಪದ 4 × 3ⁿ⁻¹ − 1 ಇರಬೇಕೆಂದು ಅವಳು ಊಹಿಸುತ್ತಾಳೆ. ದುಪ್ಪಟ್ಟೆಂದು ಹೇಳಿದ ಹುಡುಗನ ಊಹೆಗೂ ಇದಕ್ಕೂ ಹುಟ್ಟಿನಲ್ಲಿ ಏನೂ ಭೇದವಿಲ್ಲ. ಎರಡೂ ಕೆಲವು ಪದಗಳನ್ನು ಕಂಡು ಮನಸ್ಸು ಮಾಡಿದ ಜಿಗಿತ. ಭೇದ ಬರುವುದು ಮುಂದಿನ ಕೆಲಸದಲ್ಲಿ. ಅವಳು ತನ್ನ ಸೂತ್ರವನ್ನು ಹಿಡಿದುಕೊಂಡು ಅಚ್ಚಾದ ಸಾಲಿನ ಎದುರಿಗೆ ಹೋಗಿ ನಿಲ್ಲುತ್ತಾಳೆ. ಹಿಂದಿನ ಪದ ನನ್ನ ಸೂತ್ರದ ಪ್ರಕಾರ 4 × 3ⁿ⁻² − 1 ಆಗಿದ್ದರೆ, ಅದನ್ನು ಮೂರರಿಂದ ಗುಣಿಸಿ ಎರಡು ಕೂಡಿದಾಗ ಏನಾಗುತ್ತದೆ? 4 × 3ⁿ⁻¹ − 3 + 2, ಅಂದರೆ 4 × 3ⁿ⁻¹ − 1. ಸೂತ್ರ ಹೇಳಿದ್ದೇ ಬಂತು. ಮೊದಲ ಪದಕ್ಕೆ 4 − 1 ಆಗಿ 3, ಅದೂ ಹೊಂದಿತು. ಹೊರಟ ಜಾಗ ಸರಿ, ಹೆಜ್ಜೆಯೂ ಸರಿ. ಈಗ ನೂರನೆಯದೂ ಸರಿ, ಲಕ್ಷದ್ದೂ ಸರಿ. ಗಣಿತಾನುಮಾನ ಎಂದು ದೊಡ್ಡ ಹೆಸರಿಟ್ಟು ಕಲಿಸುವ ವಿಧಾನ ಇಷ್ಟೇ: ಒಂದು ಪದದಿಂದ ಮುಂದಿನ ಪದಕ್ಕೆ ಇಡುವ ಹೆಜ್ಜೆಯನ್ನು, ಎಲ್ಲ ಪದಗಳ ಪರವಾಗಿ, ಒಂದೇ ಸಲ ಪರೀಕ್ಷಿಸಿಬಿಡುವುದು.

ದುಪ್ಪಟ್ಟಿನ ಹುಡುಗನೂ ಹೀಗೆ ಮಾಡಿದ್ದರೆ ಅವನ ಊಹೆ ಅರೆ ನಿಮಿಷವೂ ನಿಲ್ಲುತ್ತಿರಲಿಲ್ಲ. ಹಿಂದಿನ ಪದಕ್ಕೆ (n − 1) ಕೂಡಿದರೆ ಅದು ದುಪ್ಪಟ್ಟಾಗಬೇಕೆಂದರೆ ಹಿಂದಿನ ಪದವೇ (n − 1) ಆಗಿರಬೇಕು. ಒಂದನೆಯ ಪದ 1, ಹೌದು. ಎರಡನೆಯದು 2, ಹೌದು. ಮೂರನೆಯದು 4, ಮೂರಲ್ಲ. ಅವನ ಊಹೆ ಎರಡು ಹೆಜ್ಜೆ ಬದುಕಿದ್ದು ಏಕೆ, ಮೂರನೆಯದರಲ್ಲಿ ಸತ್ತದ್ದು ಏಕೆ ಎಂಬುದೂ ಇಲ್ಲೇ ಕಾಣುತ್ತದೆ.

ಕೊನೆಗೆ ಅಂಕಗಳ ಮಾತು ಬಂದೇ ಬರುತ್ತದೆ. ಇಬ್ಬರು ಹುಡುಗರ ಹಾಳೆಗಳು ನಮ್ಮೆದುರಿಗಿವೆ. ಒಬ್ಬನದು 1, 2, 4, 8, 16. ಇನ್ನೊಬ್ಬನದು 3, 12, 38, 116, 350. ಮೊದಲ ಪದ ಇಬ್ಬರಿಗೂ ಪ್ರಶ್ನೆಯಲ್ಲೇ ಸಿಕ್ಕಿದ್ದು, ಆದ್ದರಿಂದ ಅದಕ್ಕೆ ಅಂಕವಿಲ್ಲವೆಂದಿಟ್ಟುಕೊಂಡು ಉಳಿದ ನಾಲ್ಕಕ್ಕೆ ನಾಲ್ಕು ಅಂಕ ಇಡೋಣ. ಉತ್ತರ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಸಂಖ್ಯೆಗಳನ್ನು ಮಾತ್ರ ಹೋಲಿಸುವವರು ಊಹಿಸಿದವನಿಗೆ ಎರಡು ಅಂಕ ಕೊಡುತ್ತಾರೆ, ಎರಡನೆಯವನಿಗೆ ಸೊನ್ನೆ. ಅವನು ಬರೆದ ನಾಲ್ಕರಲ್ಲಿ ಒಂದೂ ಪಟ್ಟಿಗೆ ಹೊಂದುವುದಿಲ್ಲ. ಒಂದೊಂದು ಪದವನ್ನೂ ಅದರ ಹಿಂದೆ ಬರೆದ ಪದದಿಂದ ಕಟ್ಟಿ ನೋಡುವವರಿಗೆ ಬೇರೆಯೇ ಚಿತ್ರ ಕಾಣುತ್ತದೆ. ಊಹಿಸಿದವನ ಹೆಜ್ಜೆಗಳಲ್ಲಿ ಮೊದಲೆರಡು ಸರಿ, ನಾಲ್ಕರಿಂದ ಎಂಟಕ್ಕೆ ಹೋದದ್ದೂ ಎಂಟರಿಂದ ಹದಿನಾರಕ್ಕೆ ಹೋದದ್ದೂ ನಿಯಮದ ಹೆಜ್ಜೆಗಳಲ್ಲ. ಅವನಿಗೆ ಈಗಲೂ ಎರಡೇ. ಹನ್ನೆರಡು ಬರೆದವನು ಒಂದು ಹೆಜ್ಜೆ ಜಾರಿ ಮೂರು ಹೆಜ್ಜೆ ಸರಿಯಾಗಿ ಇಟ್ಟಿದ್ದಾನೆ.

ಎರಡನೆಯ ರೀತಿಯಲ್ಲಿ ತಿದ್ದಲು ಹೆಚ್ಚು ಹೊತ್ತು ಹಿಡಿಯುತ್ತದೆ. ತರಗತಿಯಲ್ಲಿ ಅರವತ್ತು ಎಪ್ಪತ್ತು ಹಾಳೆಗಳಿದ್ದರೆ ಅದು ಹೊರೆಯೇ, ಅದನ್ನು ಹೊರುವ ಉಪನ್ಯಾಸಕರಿಗೆ ಯಾರೂ ಹೆಚ್ಚಿನ ಸಮಯ ಕೊಡುವುದಿಲ್ಲ ಎಂಬುದೂ ನಿಜ. ಹಾಗಿದ್ದರೂ ನನ್ನ ಕೈಗೆ ಆ ಹಾಳೆ ಬಂದರೆ, ಹನ್ನೆರಡರ ಸುತ್ತ ಒಂದು ಸುತ್ತು ಹಾಕಿ, ಹುಡುಗನಿಗೆ ನಾಲ್ಕಕ್ಕೆ ಮೂರು ಅಂಕ ಕೊಡುತ್ತೇನೆ.